ರೆಸ್ಯೂಮೆಯಲ್ಲಿ ಬರೆದದ್ದು, ಬಾಯಲ್ಲಿ ಹೇಳುವುದು

ಉದ್ಯೋಗ ಸಂದರ್ಶನ ಸಾಮಾನ್ಯವಾಗಿ ಒಂದೇ ಮಾತಿನಿಂದ ಶುರುವಾಗುತ್ತದೆ: "ನಿಮ್ಮ ಬಗ್ಗೆ ಸ್ವಲ್ಪ ಹೇಳಿ." ಅಭ್ಯರ್ಥಿ ಉತ್ತರ ಕೊಡುವಾಗ ಎದುರಿಗೆ ಕೂತವರ ಕೈಯಲ್ಲಿ ಆತನ ಅಥವಾ ಆಕೆಯ ರೆಸ್ಯೂಮೆ ಇರುತ್ತದೆ. ಎಷ್ಟೋ ಸಲ ಅವರು ಅದನ್ನು ಮೊದಲ ಬಾರಿಗೆ ಗಮನವಿಟ್ಟು ಓದುವುದೇ ಆಗ. ಕಿವಿ ಮಾತಿನ ಮೇಲೆ, ಕಣ್ಣು ಕಾಗದದ ಮೇಲೆ. ಹೇಳಿದ ವಾಕ್ಯಕ್ಕೆ ಕಾಗದದಲ್ಲಿ ಸಾಲು ಸಿಕ್ಕಿದರೆ ಕಣ್ಣು ಮುಂದಕ್ಕೆ ಹೋಗುತ್ತದೆ. ಸಿಗದಿದ್ದರೆ, ಅಥವಾ ಸಿಕ್ಕ ಸಾಲು ಬೇರೇನೋ ಹೇಳುತ್ತಿದ್ದರೆ, ಪೆನ್ನು ಅಲ್ಲೊಂದು ಗುರುತು ಹಾಕುತ್ತದೆ. ಮುಂದಿನ ಅರ್ಧ ಗಂಟೆಯ ಪ್ರಶ್ನೆಗಳು ಬಹುಮಟ್ಟಿಗೆ ಆ ಗುರುತುಗಳಿಂದಲೇ ಹುಟ್ಟುತ್ತವೆ.

ಈ ಸ್ವಪರಿಚಯಕ್ಕೆ ಸಿಗುವ ಹೊತ್ತು ಒಂದರಿಂದ ಒಂದೂವರೆ ನಿಮಿಷ. ಇಂಗ್ಲಿಷಿನಲ್ಲಿ ಅವಸರವಿಲ್ಲದೆ ಮಾತಾಡಿದರೆ ನಿಮಿಷಕ್ಕೆ ಸುಮಾರು 120ರಿಂದ 140 ಪದ ಹೇಳಬಹುದು. ಕನ್ನಡದಲ್ಲಿ ಪದಗಳ ಲೆಕ್ಕ ಇದಕ್ಕಿಂತ ಕಡಿಮೆ. ಇಂಗ್ಲಿಷ್ ಮೂರು ನಾಲ್ಕು ಪದ ಬಳಸಿ ಹೇಳುವುದನ್ನು 'ಮಾಡುತ್ತಿದ್ದೆ', 'ಆಫೀಸಿನಲ್ಲಿ' ಎಂಬಂಥ ಒಂದೊಂದೇ ಪದ ಹೇಳಿಬಿಡುತ್ತದೆ. ಹಾಗಾಗಿ ಕನ್ನಡದ ಪರಿಚಯ ನೂರು ನೂರಿಪ್ಪತ್ತು ಪದಗಳ ಆಸುಪಾಸಿನಲ್ಲಿದ್ದರೆ ಹೊತ್ತು ಸರಿಹೋಗುತ್ತದೆ. ಒಂದು ಪುಟದ ರೆಸ್ಯೂಮೆಯನ್ನು ಗಟ್ಟಿಯಾಗಿ ಓದಿದರೆ ಮೂರು ನಿಮಿಷವಾದರೂ ಬೇಕು. ಅಂದರೆ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಬಾಯಿಗೆ ಬರುವುದೇ ಇಲ್ಲ. ಯಾವುದನ್ನು ಬಿಡಬೇಕು ಎಂಬುದು ಅಷ್ಟೇನೂ ಕಷ್ಟದ ಪ್ರಶ್ನೆಯಲ್ಲ. ಉಳಿಸಿಕೊಂಡ ಸಾಲುಗಳನ್ನು ಹೇಗೆ ಹೇಳಬೇಕು ಎಂಬಲ್ಲೇ ತೊಡಕು.

ತೊಡಕಿಗೆ ಕಾರಣ ರೆಸ್ಯೂಮೆಯ ಭಾಷೆ. ನಮ್ಮಲ್ಲಿ ರೆಸ್ಯೂಮೆ ಬರೆಯುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಅದರಲ್ಲೂ 'ಹ್ಯಾಂಡಲ್ಡ್', 'ಪ್ರಿಪೇರ್ಡ್', 'ರೆಡ್ಯೂಸ್ಡ್' ಎಂದು ಕ್ರಿಯಾಪದದಿಂದಲೇ ಶುರುವಾಗುವ ತುಂಡು ಸಾಲುಗಳಲ್ಲಿ. ಈ ಸಾಲುಗಳಲ್ಲಿ ಕರ್ತೃ ಇರುವುದಿಲ್ಲ. ಕೆಲಸ ಆಯಿತು ಎನ್ನುವುದು ತಿಳಿಯುತ್ತದೆ. ಮಾಡಿದವರು ಒಬ್ಬರೋ ನಾಲ್ವರೋ, ಅಭ್ಯರ್ಥಿ ತಾನೇ ಮಾಡಿದ್ದೋ ಪಕ್ಕದಲ್ಲಿ ಕೂತು ನೋಡಿದ್ದೋ ಎನ್ನುವುದು ತಿಳಿಯುವುದಿಲ್ಲ. ಜಾಗ ಉಳಿಸಲೆಂದು ಬಂದ ರೂಢಿ ಇದು, ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಬಾಯಿಬಿಟ್ಟು ಹೇಳುವಾಗ ಕರ್ತೃವನ್ನು ಬಿಡಲಾಗದು. ಕನ್ನಡದಲ್ಲಂತೂ ಸಾಧ್ಯವೇ ಇಲ್ಲ, ಏಕೆಂದರೆ ಕ್ರಿಯಾಪದದ ಕೊನೆಯಲ್ಲೇ ಕರ್ತೃ ಕೂತಿರುತ್ತದೆ. 'ಮಾಡಿದೆ', 'ಮಾಡಿದೆವು', 'ಮಾಡಿದರು', 'ಮಾಡುತ್ತಿದ್ದೆ' ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳದೆ ವಾಕ್ಯ ಮುಗಿಯದು. ಸಂದರ್ಶನ ಇಂಗ್ಲಿಷಿನಲ್ಲಿ ನಡೆಯುವುದಿದ್ದರೂ ರೆಸ್ಯೂಮೆಯ ಪ್ರತಿ ಸಾಲನ್ನು ಮೊದಲು ಕನ್ನಡದಲ್ಲಿ, ಮನೆಯವರಿಗೆ ಹೇಳುವ ಹಾಗೆ, ಗಟ್ಟಿಯಾಗಿ ಹೇಳಿ ನೋಡುವುದರಿಂದ ದೊಡ್ಡ ಪ್ರಯೋಜನವಿದೆ. ಕಾಗದದ ಮೇಲೆ ಅಡಗಿದ್ದದ್ದು ಕ್ರಿಯಾಪದದ ತುದಿಯಲ್ಲಿ ಹೊರಬೀಳುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡಬಹುದು. ಉದಾಹರಣೆ ಕಲ್ಪಿತ, ಆದರೆ ಅದರಲ್ಲಿರುವ ಕೆಲಸಗಳೆಲ್ಲ ಊರೂರಿನ ಆಡಿಟರ್ ಆಫೀಸುಗಳಲ್ಲಿ ದಿನವೂ ನಡೆಯುವಂಥವು. ದಾವಣಗೆರೆಯ ಹುಡುಗಿಯೊಬ್ಬಳು 2023ರಲ್ಲಿ ಬಿ.ಕಾಂ. ಮುಗಿಸಿ, ಅಲ್ಲಿಯೇ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಬಳಿ ಆ ವರ್ಷದ ಜುಲೈಯಿಂದ 2024ರ ಆಗಸ್ಟ್‌ವರೆಗೆ ಕೆಲಸ ಮಾಡಿದ್ದಾಳೆ. ಆಮೇಲೆ ಆರು ತಿಂಗಳು ಎಫ್‌ಡಿಎ ಪರೀಕ್ಷೆಗೆ ಓದಿದ್ದಾಳೆ. ಈಗ, 2025ರ ಮಾರ್ಚ್‌ನಲ್ಲಿ, ಬೆಂಗಳೂರಿನ ಒಂದು ಸಗಟು ವ್ಯಾಪಾರ ಸಂಸ್ಥೆಯ ಲೆಕ್ಕಪತ್ರ ವಿಭಾಗದ ಹುದ್ದೆಗೆ ಸಂದರ್ಶನವಿದೆ. ಅವಳ ರೆಸ್ಯೂಮೆಯ ಮುಖ್ಯ ಸಾಲುಗಳು ಹೀಗಿವೆ: ಲೆಕ್ಕಪತ್ರ ಕ್ಷೇತ್ರದಲ್ಲಿ ಸುಮಾರು ಎರಡು ವರ್ಷದ ಅನುಭವ, 40 ಗ್ರಾಹಕರ ಜಿಎಸ್‌ಟಿ ಫೈಲಿಂಗ್ ನಿರ್ವಹಣೆ, ಬಿಲ್ ತಾಳೆ ನೋಡುವ ಸಮಯದಲ್ಲಿ ಶೇ. 50 ಇಳಿಕೆ, ಟ್ಯಾಲಿ ಮತ್ತು ಅಡ್ವಾನ್ಸ್ಡ್ ಎಕ್ಸೆಲ್‌ನಲ್ಲಿ ಪರಿಣತಿ. ನಾಲ್ಕರಲ್ಲಿ ಒಂದೂ ಪೂರ್ತಿ ಸುಳ್ಳಲ್ಲ, ಒಂದೂ ಪೂರ್ತಿ ನಿಜವೂ ಅಲ್ಲ. ಹೆಚ್ಚಿನ ರೆಸ್ಯೂಮೆಗಳ ಸ್ಥಿತಿ ಇದೇ.

ನಲವತ್ತು ಗ್ರಾಹಕರ ಸಾಲನ್ನೇ ಮೊದಲು ತೆಗೆದುಕೊಳ್ಳೋಣ. ಇದನ್ನು ಕನ್ನಡದಲ್ಲಿ ಹೇಳಹೊರಟರೆ 'ನಲವತ್ತು ಪಾರ್ಟಿಗಳ ಜಿಎಸ್‌ಟಿ ಫೈಲ್ ಮಾಡುತ್ತಿದ್ದೆ' ಎನ್ನಬೇಕಾಗುತ್ತದೆ. ಹಾಗೆಂದ ಕೂಡಲೇ ನಾಲಿಗೆ ತಡೆಯುತ್ತದೆ. ಏಕೆಂದರೆ ನಲವತ್ತು ಪಾರ್ಟಿ ಇದ್ದದ್ದು ಆಫೀಸಿಗೆ. ಅವಳ ಪಾಲಿಗೆ ಬಂದದ್ದು ಹನ್ನೆರಡು. ಫೈಲ್ ಮಾಡುತ್ತಿದ್ದವಳೂ ಅವಳಲ್ಲ. ಆ ಕೆಲಸ ನಡೆಯುವ ಬಗೆ ಇದು: ಪಾರ್ಟಿಯಿಂದ ಬಂದ ಬಿಲ್ಲುಗಳನ್ನು ಟ್ಯಾಲಿಗೆ ಎಂಟ್ರಿ ಮಾಡಬೇಕು. ಮಾರಾಟದ ವಿವರವನ್ನು ಜಿಎಸ್‌ಟಿಆರ್-1ಕ್ಕೆ ಸಿದ್ಧಪಡಿಸಬೇಕು. ಪ್ರತಿ ತಿಂಗಳು ಸಲ್ಲಿಸುವವರಿಗೆ ಇದರ ಗಡುವು ಮುಂದಿನ ತಿಂಗಳ 11. ಮಾರಿದವರು ಸಲ್ಲಿಸಿದ ವಿವರದ ಆಧಾರದ ಮೇಲೆ 14ನೇ ತಾರೀಕು ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿ ಬರುತ್ತದೆ. ಅಂಗಡಿಯವರು ಖರೀದಿಯ ಮೇಲೆ ಆಗಲೇ ಕೊಟ್ಟಿರುವ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬೇಕಾದರೆ ತಮ್ಮ ಖರೀದಿ ಬಿಲ್ಲುಗಳು ಆ ಪಟ್ಟಿಯಲ್ಲಿ ಇರಬೇಕು. ಇದನ್ನೇ ತಾಳೆ ನೋಡುವುದು ಎನ್ನುತ್ತಾರೆ. ತಾಳೆ ನೋಡಿದ ಮೇಲೆ ಜಿಎಸ್‌ಟಿಆರ್-3ಬಿ ಸಿದ್ಧವಾಗಿ 20ರೊಳಗೆ ಸಲ್ಲಿಕೆಯಾಗಬೇಕು. ಸಲ್ಲಿಸುವ ಕೊನೆಯ ಹೆಜ್ಜೆಗೆ ಒಟಿಪಿ ಅಥವಾ ಡಿಜಿಟಲ್ ಸಹಿ ಬೇಕು. ಒಟಿಪಿ ಬರುವುದು ಪಾರ್ಟಿಯ ಅಧಿಕೃತ ಸಹಿದಾರರ ಫೋನಿಗೆ. ಸೀನಿಯರ್ ಎಲ್ಲವನ್ನೂ ಒಮ್ಮೆ ನೋಡಿ, ಪಾರ್ಟಿಗೆ ಫೋನ್ ಮಾಡಿ, ಒಟಿಪಿ ಕೇಳಿ, ತಾವೇ ಫೈಲ್ ಮಾಡುತ್ತಿದ್ದರು.

ಈ ವಿವರ ಎದುರಿಗಿಟ್ಟುಕೊಂಡರೆ ಸಾಲು ತಾನಾಗಿ ಎರಡಾಗಿ ಒಡೆಯುತ್ತದೆ. ಹನ್ನೆರಡು ಪಾರ್ಟಿಗಳ ವಿವರ 'ತಯಾರು ಮಾಡುತ್ತಿದ್ದೆ'; ಸೀನಿಯರ್ ನೋಡಿ ಫೈಲ್ 'ಮಾಡುತ್ತಿದ್ದರು'. ಕೇಳಿಸಿಕೊಳ್ಳುವವರು ಸ್ವತಃ ಲೆಕ್ಕಪತ್ರದವರಾದರೆ ಈ ಎರಡನೆಯ ರೂಪಕ್ಕೆ ಕೊಡುವ ಬೆಲೆಯೇ ಹೆಚ್ಚು. ಒಂದು ವರ್ಷದ ಅನುಭವದವರ ಕೈಗೆ ನಲವತ್ತು ಪಾರ್ಟಿಗಳ ಫೈಲಿಂಗ್ ಯಾರೂ ಕೊಡುವುದಿಲ್ಲ ಎಂಬುದು ಅವರಿಗೆ ಗೊತ್ತು. ಅಂಥವರು ಕೇಳುವ ಮೊದಲ ಪ್ರಶ್ನೆಯನ್ನು ಊಹಿಸುವುದೂ ಕಷ್ಟವಲ್ಲ: "ಅದರಲ್ಲಿ ತಿಂಗಳಿಗೆ ಫೈಲ್ ಮಾಡುವವರು ಎಷ್ಟು, ಮೂರು ತಿಂಗಳಿಗೊಮ್ಮೆ ಮಾಡುವವರು ಎಷ್ಟು?" ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿವರೆಗೆ ಇರುವವರು ಮೂರು ತಿಂಗಳಿಗೊಮ್ಮೆ ಸಲ್ಲಿಸುವ ವ್ಯವಸ್ಥೆಯನ್ನು ಆರಿಸಿಕೊಳ್ಳಬಹುದು. ತನ್ನ ಹನ್ನೆರಡರಲ್ಲಿ ಎಂಟು ಮಾಸಿಕ, ನಾಲ್ಕು ತ್ರೈಮಾಸಿಕ ಎಂದು ಅವಳು ತಡವರಿಸದೆ ಹೇಳಬಲ್ಲಳು, ಏಕೆಂದರೆ ಪ್ರತಿ ತಿಂಗಳು ಆ ಎಂಟನ್ನು ಮುಗಿಸಲು ಕೂತವಳು ಅವಳೇ. ನಲವತ್ತರ ಬಗ್ಗೆ ಇದೇ ಪ್ರಶ್ನೆ ಬಂದಿದ್ದರೆ ಉತ್ತರವೇ ಇರುತ್ತಿರಲಿಲ್ಲ. ಒಂದು ಸಂಖ್ಯೆಯನ್ನು ಪರಿಚಯದಲ್ಲಿ ಇಟ್ಟುಕೊಳ್ಳಬಹುದೇ ಎಂದು ತಿಳಿಯಲು ಇದಕ್ಕಿಂತ ಸರಳವಾದ ಪರೀಕ್ಷೆ ಇಲ್ಲ. ಸಂಖ್ಯೆಯನ್ನು ಬಿಡಿಸಿ ಹೇಳು ಎಂದರೆ ಹೇಳಲು ಬರಬೇಕು.

ಶೇ. 50ರ ಸಾಲಿನ ಕಥೆ ಸ್ವಲ್ಪ ಬೇರೆ. ಈ ಸಂಖ್ಯೆ ಸುಳ್ಳಲ್ಲ. ಒಂದು ಹಾರ್ಡ್‌ವೇರ್ ಅಂಗಡಿಗೆ ತಿಂಗಳಿಗೆ ಆರುನೂರರಷ್ಟು ಖರೀದಿ ಬಿಲ್ ಬರುತ್ತಿತ್ತು. ಎರಡೂ ಪಟ್ಟಿಗಳನ್ನು ಪ್ರಿಂಟ್ ತೆಗೆದು, ಸ್ಕೇಲ್ ಇಟ್ಟು, ಒಂದೊಂದಕ್ಕೇ ಟಿಕ್ ಹಾಕುತ್ತ ಹೋದರೆ ಎರಡು ದಿನ. ಅವಳು ಎರಡೂ ಪಟ್ಟಿಗಳನ್ನು ಎಕ್ಸೆಲ್‌ಗೆ ತಂದು, ಮಾರಿದವರ ಜಿಎಸ್‌ಟಿ ನಂಬರನ್ನೂ ಬಿಲ್ ನಂಬರನ್ನೂ ಒಂದೇ ಕಾಲಂನಲ್ಲಿ ಜೋಡಿಸಿಕೊಂಡಳು:

```
=A2&"|"&B2
```

ಆ ಕಾಲಂ ಮೇಲೆ ವಿ-ಲುಕಪ್ ಹಾಕಿದಾಗ ಹೊಂದುವ ಬಿಲ್ಲುಗಳು ತಕ್ಷಣ ಹೊಂದಿಕೊಂಡವು. ಹೊಂದದೆ ಉಳಿದ ಅರವತ್ತು ಎಪ್ಪತ್ತನ್ನು ಮಾತ್ರ ಕೈಯಲ್ಲಿ ನೋಡಬೇಕಾಯಿತು. ಮಾರಿದವರು ಬಿಲ್ ನಂಬರನ್ನು ಮುಂದೆ ವರ್ಷ ಸೇರಿಸಿ ಉದ್ದಕ್ಕೆ ಹಾಕಿದ್ದು, ಅಂಗಡಿಯವರು ಬರೀ ಕೊನೆಯ ಅಂಕಿ ಬರೆದಿದ್ದು, ಕೆಲವು ಬಿಲ್ ಮುಂದಿನ ತಿಂಗಳ ಪಟ್ಟಿಗೆ ಜಾರಿದ್ದು, ಇಂಥ ಕಾರಣಗಳು. ಒಟ್ಟು ಕೆಲಸ ಒಂದು ದಿನಕ್ಕೆ ಇಳಿಯಿತು. ಎರಡು ದಿನ ಒಂದಾದರೆ ಶೇ. 50 ಇಳಿಕೆ, ಲೆಕ್ಕ ಸರಿ. ಆದರೆ ಇಳಿದದ್ದು ಒಂದು ಅಂಗಡಿಯ ಕೆಲಸ; ರೆಸ್ಯೂಮೆಯ ಸಾಲು ಓದಿದರೆ ಇಡೀ ಆಫೀಸಿನ ಕೆಲಸ ಇಳಿದ ಹಾಗೆ ಕಾಣುತ್ತದೆ.

ಮಾತಿನಲ್ಲಿ ಶೇಕಡಾವಾರು ಸೊರಗುತ್ತದೆ. ಕಾಗದದ ಮೇಲೆ ಕಣ್ಣಿಗೆ ಬೀಳುವ ಆ ಅಂಕಿ ಕಿವಿಗೆ ಬಿದ್ದಾಗ ಯಾವುದರಲ್ಲಿ, ಎಷ್ಟರಿಂದ ಎಷ್ಟಕ್ಕೆ ಎಂಬ ಪ್ರಶ್ನೆಯನ್ನಷ್ಟೇ ಎಬ್ಬಿಸುತ್ತದೆ. 'ಎರಡು ದಿನದ ಕೆಲಸ ಒಂದು ದಿನಕ್ಕೆ ಮುಗಿಯುತ್ತಿತ್ತು' ಎಂದರೆ ಆ ಪ್ರಶ್ನೆಗೆ ಜಾಗವೇ ಇಲ್ಲ. ಆದ್ದರಿಂದ ಸ್ವಪರಿಚಯದಲ್ಲಿ ಶೇಕಡಾವಾರಿನ ಬದಲು ಅದು ಹುಟ್ಟಿದ ಮೂಲ ಅಳತೆಗಳನ್ನೇ ಹೇಳುವುದು ಮೇಲು: ದಿನ, ಬಿಲ್ಲು, ರೂಪಾಯಿ, ಪಾರ್ಟಿ. ಮೂಲ ಅಳತೆ ನೆನಪಿಗೇ ಬರದಿದ್ದರೆ ಆ ಅಂಕಿ ಊಹೆಯದು ಎಂದರ್ಥ. ಊಹೆಯ ಅಂಕಿಯನ್ನು ಹೇಳಲೂಬಾರದು, ಕಾಗದದಲ್ಲಿ ಇಟ್ಟುಕೊಳ್ಳಲೂಬಾರದು.

ಕೌಶಲದ ಸಾಲಿನಲ್ಲಿ ಬರುವ 'ಪರಿಣತಿ', 'ಅಡ್ವಾನ್ಸ್ಡ್' ಎಂಬ ಮಾತುಗಳು ಬರೆಯುವವರಿಗೆ ಹಗುರ, ಓದುವವರಿಗೆ ಭಾರ. ಎಕ್ಸೆಲ್ ವಿಚಾರದಲ್ಲಿ ಅಡ್ವಾನ್ಸ್ಡ್ ಎಂದು ಕಂಡರೆ ಮ್ಯಾಕ್ರೋ ಬರೆಯಲು ಬರುತ್ತದೆ, ದೊಡ್ಡ ಪಟ್ಟಿಗಳನ್ನು ಪವರ್ ಕ್ವೆರಿಯಲ್ಲಿ ಸರಿಪಡಿಸಲು ಬರುತ್ತದೆ ಎಂದು ಕೆಲವರು ತಿಳಿಯುತ್ತಾರೆ. ಈ ಹುಡುಗಿಗೆ ಬರುವುದು ವಿ-ಲುಕಪ್ ಮತ್ತು ಪಿವಟ್ ಟೇಬಲ್. ಕೇಳಿರುವ ಹುದ್ದೆಗೆ ಅದೇ ಧಾರಾಳವಾಗಿ ಸಾಕು. ಮಾತಾಡುವಾಗ ಗುಣವಾಚಕವನ್ನು ಪೂರ್ತಿ ಬಿಟ್ಟು, ಆ ಉಪಕರಣದಿಂದ ಮಾಡಿದ ಒಂದು ಕೆಲಸವನ್ನು ಹೇಳಿದರೆ ಮಟ್ಟ ಎಷ್ಟೆಂದು ಕೇಳುವವರೇ ತಿಳಿದುಕೊಳ್ಳುತ್ತಾರೆ. ಹಾರ್ಡ್‌ವೇರ್ ಅಂಗಡಿಯ ಬಿಲ್ಲಿನ ಮಾತು ಬಂದಾಗ ಎಕ್ಸೆಲ್‌ನ ಮಾತೂ ಅಲ್ಲೇ ಮುಗಿದುಹೋಗುತ್ತದೆ. ಬೇರೆ ವಾಕ್ಯವೇ ಬೇಕಿಲ್ಲ.

ಇನ್ನುಳಿದದ್ದು ತಾರೀಕುಗಳು. 2023ರ ಜುಲೈಯಿಂದ 2024ರ ಆಗಸ್ಟ್ ಅಂದರೆ ಹದಿನಾಲ್ಕು ತಿಂಗಳು. ಎರಡು ಕ್ಯಾಲೆಂಡರ್ ವರ್ಷಗಳನ್ನು ಮುಟ್ಟಿದೆ ಎಂಬ ಕಾರಣಕ್ಕೆ ಅದು 'ಸುಮಾರು ಎರಡು ವರ್ಷ' ಆಗದು. ಅನುಭವವನ್ನು ತಿಂಗಳಿನ ಲೆಕ್ಕದಲ್ಲಿ ಹೇಳುವುದು ಸುರಕ್ಷಿತ, ಏಕೆಂದರೆ ಆಮೇಲೆ ತಾಳೆ ನೋಡುವುದೂ ಅದೇ ಲೆಕ್ಕದಲ್ಲಿ. ಕೆಲಸಕ್ಕೆ ಸೇರುವ ಹೊತ್ತಿಗೆ ಅನುಭವ ಪತ್ರ, ಬಿಡುಗಡೆ ಪತ್ರ ಕೇಳುತ್ತಾರೆ. ಹಿಂದಿನ ಕೆಲಸದಲ್ಲಿ ಪಿಎಫ್ ಕಟ್ಟುತ್ತಿದ್ದರೆ ಸೇರಿದ ದಿನ, ಬಿಟ್ಟ ದಿನ ಎರಡೂ ಆ ಖಾತೆಯ ಸೇವಾ ವಿವರದಲ್ಲಿ ಕಾಣುತ್ತವೆ. ಚಿಕ್ಕ ಆಡಿಟರ್ ಆಫೀಸುಗಳಲ್ಲಿ ಎಷ್ಟೋ ಕಡೆ ಪಿಎಫ್ ಇರುವುದಿಲ್ಲ; ಕಾಯ್ದೆ ಸಾಮಾನ್ಯವಾಗಿ ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಅಲ್ಲಿ ಅನುಭವ ಪತ್ರವೂ ಸಂಬಳ ಜಮೆಯಾದ ಬ್ಯಾಂಕ್ ಪುಸ್ತಕವೂ ಆಧಾರವಾಗುತ್ತವೆ. ಬಾಯಲ್ಲಿ ಹೇಳಿದ ತಿಂಗಳು, ರೆಸ್ಯೂಮೆಯ ತಿಂಗಳು, ಪತ್ರದ ತಿಂಗಳು ಮೂರೂ ಒಂದೇ ಆಗಿರಬೇಕು. ಬೇರೆಯಾಗಿ ಕಂಡರೆ, ಆಯ್ಕೆಯಾದ ಮೇಲೂ ಕೆಲಸ ಕೈತಪ್ಪಬಹುದು.

ಹೆಸರಿನ ವಿಷಯದಲ್ಲೂ ಇಂಥದ್ದೇ ಒಂದು ಸಣ್ಣ ಸಂಗತಿ ನಮ್ಮ ಕಡೆ ಇದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಇನಿಷಿಯಲ್ ಮಾತ್ರ, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ರೆಸ್ಯೂಮೆಯಲ್ಲಿ ಊರಿನ ಹೆಸರೂ ಸೇರಿ ಇನ್ನೊಂದು. ರೆಸ್ಯೂಮೆಯ ತಲೆಯ ಮೇಲೆ ಅಂಕಪಟ್ಟಿಯ ಹೆಸರಿದ್ದು, ಬಾಯಲ್ಲೂ ಅದೇ ಬಂದರೆ ಗೊಂದಲವಿಲ್ಲ.

ನಡುವಿನ ಆರು ತಿಂಗಳ ಖಾಲಿ ಜಾಗವನ್ನು ಹೇಳಬೇಕೇ ಬೇಡವೇ ಎಂಬುದು ಅಭ್ಯರ್ಥಿಗಳನ್ನು ಬಹಳ ಕಾಡುವ ಪ್ರಶ್ನೆ. ಹೇಳುವುದೇ ಒಳ್ಳೆಯದು, ಅದೂ ಒಂದೇ ವಾಕ್ಯದಲ್ಲಿ. ಕಾಗದದ ಮೇಲೆ ಆ ಖಾಲಿ ಜಾಗ ಹೇಗೂ ಕಾಣುತ್ತಿರುತ್ತದೆ. ಮಾತು ಅದನ್ನು ದಾಟಿಹೋದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಸರ್ಕಾರಿ ಪರೀಕ್ಷೆಗೆ ಓದುವುದು ಕರ್ನಾಟಕದ ಪದವೀಧರರಲ್ಲಿ ಎಷ್ಟು ಸಾಮಾನ್ಯವೆಂದರೆ ಅದನ್ನು ಕೇಳಿ ಯಾರೂ ಹುಬ್ಬೇರಿಸುವುದಿಲ್ಲ. ಅವರಿಗೆ ಬೇಕಾದದ್ದು ಮುಂದಿನ ಮಾತು: ಪರೀಕ್ಷೆಗಾಗಿ ಮತ್ತೆ ಕೆಲಸ ಬಿಡುತ್ತೀರಾ? ಇದಕ್ಕೆ ಅವಳಲ್ಲಿ ನಿಜವಾದ ಉತ್ತರ ಏನಿದೆಯೋ ಅದನ್ನು ಮೊದಲೇ ಯೋಚಿಸಿಕೊಂಡಿರಬೇಕು. 'ಹೌದು, ಇನ್ನೊಂದು ಸಲ ಬರೆಯುವ ಆಸೆಯಿದೆ' ಎಂಬುದೇ ನಿಜವಾಗಿದ್ದರೆ ಪರಿಚಯದಲ್ಲಿ 'ಇನ್ನು ಬರೆಯುವುದಿಲ್ಲ' ಎಂದು ಸೇರಿಸಬಾರದು.

ಈಗ ಜೋಡಿಸುವ ಕೆಲಸ. ನಮ್ಮ ಹುಡುಗ ಹುಡುಗಿಯರು ಪರಿಚಯವನ್ನು ಸಾಮಾನ್ಯವಾಗಿ ಹೆಸರು, ಊರು, ತಂದೆಯ ಕೆಲಸ, ತಾಯಿ ಗೃಹಿಣಿ, ಅಣ್ಣ ತಮ್ಮ, ಶಾಲೆ, ಪಿಯುಸಿ, ಹವ್ಯಾಸ ಎಂಬ ಸಾಲಿನಲ್ಲಿ ಕಲಿತಿರುತ್ತಾರೆ. ಮನೆಗೆ ಬಂದವರಿಗೆ ಹೇಳುವಾಗ ಈ ಕ್ರಮ ಸಹಜ, ಊರಿನ ಹೆಸರು ಹೇಳಿಕೊಳ್ಳುವುದರಲ್ಲಿ ಸಂಕೋಚವೂ ಬೇಕಿಲ್ಲ. ಆದರೆ ಒಂದೂವರೆ ನಿಮಿಷದಲ್ಲಿ ನಲವತ್ತು ಸೆಕೆಂಡು ಇದಕ್ಕೇ ಹೋದರೆ ಕೆಲಸದ ಮಾತು ಬರುವಷ್ಟರಲ್ಲಿ ಕೇಳುವವರ ತಾಳ್ಮೆ ತೀರಿರುತ್ತದೆ. ಅಲ್ಲದೆ ಇದಾವುದೂ ರೆಸ್ಯೂಮೆಯ ಮುಖ್ಯ ಸಾಲುಗಳಲ್ಲಿ ಇಲ್ಲ. ರೆಸ್ಯೂಮೆಯಲ್ಲಿ ಇತ್ತೀಚಿನದು ಮೇಲೆ, ಹಳೆಯದು ಕೆಳಗೆ. ಆ ಕ್ರಮವನ್ನು ಹಾಗೆಯೇ ಹೇಳಹೊರಟರೆ ಕಥೆ ತಲೆಕೆಳಗಾದ ಹಾಗೆ ಕೇಳಿಸುತ್ತದೆ. ಓದನ್ನು ಒಂದು ವಾಕ್ಯದಲ್ಲಿ ಮುಗಿಸಿ, ನೇರವಾಗಿ ಕೆಲಸಕ್ಕೆ ಬಂದು, ಅದರಲ್ಲಿ ಒಂದನ್ನು ಹತ್ತಿರದಿಂದ ತೋರಿಸಿ, ಈ ಹುದ್ದೆಗೆ ಯಾಕೆ ಬಂದದ್ದು ಎಂದು ನಿಲ್ಲಿಸುವುದು ಹೊಸದಾಗಿ ಕೆಲಸ ಹುಡುಕುವವರಿಗೆ ಹೊಂದುವ ದಾರಿ. ಹತ್ತು ಹದಿನೈದು ವರ್ಷ ಅನುಭವ ಇರುವವರು ಮಾತ್ರ ಈಗಿನ ಕೆಲಸದಿಂದಲೇ ಶುರು ಮಾಡಬೇಕು.

ಹುಡುಗಿಯ ಪರಿಚಯ ಕೊನೆಗೆ ಈ ರೂಪಕ್ಕೆ ಬರುತ್ತದೆ. ಹೆಸರಿನ ನಂತರ ಅವಳು ಹೇಳುವುದು ಇಷ್ಟು:

"2023ರಲ್ಲಿ ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿದೆ ಸರ್. ಆ ಜುಲೈಯಿಂದ ಹೋದ ವರ್ಷ ಆಗಸ್ಟ್‌ವರೆಗೆ, ಹದಿನಾಲ್ಕು ತಿಂಗಳು, ಅಲ್ಲೇ ಒಂದು ಆಡಿಟರ್ ಆಫೀಸಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಆಗಿದ್ದೆ. ನನಗೆ ಹನ್ನೆರಡು ಪಾರ್ಟಿಗಳ ಲೆಕ್ಕ ವಹಿಸಿದ್ದರು. ಅವರ ಬಿಲ್ಲುಗಳನ್ನ ಟ್ಯಾಲಿಗೆ ಹಾಕೋದು, ಜಿಎಸ್‌ಟಿಆರ್-1, 3ಬಿ ವಿವರ ತಯಾರು ಮಾಡೋದು ನನ್ನ ಕೆಲಸ. ಸೀನಿಯರ್ ನೋಡಿ ಫೈಲ್ ಮಾಡ್ತಿದ್ದರು. ಅದರಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಗೆ ತಿಂಗಳಿಗೆ ಆರುನೂರು ಖರೀದಿ ಬಿಲ್ ಬರ್ತಿತ್ತು. 2ಬಿ ಜೊತೆ ತಾಳೆ ನೋಡೋಕೆ ಎರಡು ದಿನ ಹಿಡೀತಿತ್ತು. ನಾನು ಎಕ್ಸೆಲ್‌ನಲ್ಲಿ ವಿ-ಲುಕಪ್ ಹಾಕಿ ನೋಡೋಕೆ ಶುರು ಮಾಡಿದ ಮೇಲೆ ಒಂದು ದಿನಕ್ಕೆ ಮುಗೀತಿತ್ತು. ಸೆಪ್ಟೆಂಬರ್‌ನಿಂದ ಆರು ತಿಂಗಳು ಎಫ್‌ಡಿಎ ಪರೀಕ್ಷೆಗೆ ಓದಿದೆ. ಈಗ ಮತ್ತೆ ಅಕೌಂಟ್ಸ್ ಕೆಲಸಕ್ಕೇ ಬರಬೇಕು ಅಂತ ಇದ್ದೀನಿ. ನಿಮ್ಮ ಜಾಹೀರಾತಿನಲ್ಲಿ ಖರೀದಿ ಬಿಲ್ ತಾಳೆ ನೋಡೋ ಕೆಲಸ ಅಂತಿತ್ತು. ನಾನು ಹೆಚ್ಚು ಮಾಡಿರೋದು ಅದನ್ನೇ, ಅದಕ್ಕೇ ಅರ್ಜಿ ಹಾಕಿದೆ."

ಇದನ್ನು ನಿಧಾನವಾಗಿ ಹೇಳಿದರೆ ಒಂದು ನಿಮಿಷದ ಮೇಲೆ ಹತ್ತಿಪ್ಪತ್ತು ಸೆಕೆಂಡು. ಇದರಲ್ಲಿ ಒಂದೂ ಗುಣವಾಚಕವಿಲ್ಲ. 'ಶ್ರಮಜೀವಿ', 'ಬೇಗ ಕಲಿಯುವವಳು' ಎಂದು ತನ್ನ ಬಗ್ಗೆ ತಾನೇ ತೀರ್ಪು ಕೊಟ್ಟುಕೊಂಡಿಲ್ಲ. ಸೀನಿಯರ್ ಫೈಲ್ ಮಾಡುತ್ತಿದ್ದರು ಎಂದು ತಾನಾಗಿ ಹೇಳಿದ್ದರಿಂದ 'ನನ್ನ ಕೆಲಸ' ಎಂದ ಮಾತಿಗೆ ಗಟ್ಟಿತನ ಬಂದಿದೆ. ಸಂದರ್ಶನ ಇಂಗ್ಲಿಷಿನಲ್ಲಾದರೆ ಇದೇ ವಾಕ್ಯಗಳನ್ನು ಸರಳ ಇಂಗ್ಲಿಷಿಗೆ ತರುವುದು ಸುಲಭ. 'ಮೈಸೆಲ್ಫ್' ಎಂದು ಶುರು ಮಾಡುವ ಚಾಳಿಯೊಂದನ್ನು ಮಾತ್ರ ಬಿಡಬೇಕು. ಇಂಗ್ಲಿಷಿನಲ್ಲಿ ಅದು ವಾಕ್ಯದ ಕರ್ತೃವಾಗಿ ನಿಲ್ಲುವುದಿಲ್ಲ.

ಮಾತು ಸಿದ್ಧವಾದ ಮೇಲೆ ಕಾಗದಕ್ಕೆ ಮರಳಬೇಕು. ಈ ಹೆಜ್ಜೆಯನ್ನು ಹೆಚ್ಚಿನವರು ಮರೆಯುತ್ತಾರೆ. ಬಾಯಲ್ಲಿ ಹನ್ನೆರಡು, ಕಾಗದದಲ್ಲಿ ನಲವತ್ತು ಇದ್ದರೆ ಪ್ರಾಮಾಣಿಕವಾಗಿ ಮಾತಾಡಿದ್ದೇ ತೊಂದರೆಗೆ ದಾರಿಯಾಗುತ್ತದೆ. ಆದ್ದರಿಂದ 'ಎರಡು ವರ್ಷ' ಹೋಗಿ '14 ತಿಂಗಳು' ಬರಬೇಕು. '40 ಗ್ರಾಹಕರ ಫೈಲಿಂಗ್ ನಿರ್ವಹಣೆ' ಹೋಗಿ '12 ಗ್ರಾಹಕರ ಜಿಎಸ್‌ಟಿಆರ್-1, 3ಬಿ ವಿವರ ತಯಾರಿ' ಆಗಬೇಕು. ಶೇ. 50ರ ಜಾಗದಲ್ಲಿ ಒಂದು ಅಂಗಡಿಯ ಎರಡು ದಿನ, ಒಂದು ದಿನದ ಲೆಕ್ಕ ಬರಬೇಕು. ಅಡ್ವಾನ್ಸ್ಡ್ ಎಂಬ ಪದ ಹೋಗಿ ವಿ-ಲುಕಪ್, ಪಿವಟ್ ಟೇಬಲ್ ಎಂಬ ಹೆಸರುಗಳೇ ನಿಲ್ಲಬೇಕು. ತಿದ್ದಿದ ರೆಸ್ಯೂಮೆ ಮೊದಲಿಗಿಂತ ಸಣ್ಣದಾಗಿ ಕಾಣಬಹುದು. ಆದರೆ ಅದರ ಯಾವ ಸಾಲಿನ ಮೇಲೆ ಬೆರಳಿಟ್ಟು ಕೇಳಿದರೂ ಹತ್ತು ನಿಮಿಷ ಮಾತಾಡುವಷ್ಟು ಸರಕು ಅವಳಲ್ಲಿದೆ.

ಹೊಂದಾಣಿಕೆ ಪರೀಕ್ಷಿಸಲು ಇನ್ನೊಬ್ಬರು ಬೇಕು. ಲೆಕ್ಕಪತ್ರ ಗೊತ್ತಿರುವವರೇ ಆಗಬೇಕೆಂದಿಲ್ಲ. ಅಕ್ಕನೋ ಗೆಳತಿಯೋ ಸಾಕು. ಅವರ ಕೈಗೆ ರೆಸ್ಯೂಮೆಯನ್ನೂ ಒಂದು ಪೆನ್ಸಿಲನ್ನೂ ಕೊಟ್ಟು ಪರಿಚಯ ಹೇಳಬೇಕು. ಕೇಳಿದ ಪ್ರತಿ ಮಾತಿಗೆ ಅವರು ಕಾಗದದಲ್ಲಿ ಸಾಲು ಹುಡುಕಿ ಗೆರೆ ಹಾಕಬೇಕು. ಮಾತಿದ್ದೂ ಸಾಲು ಸಿಗದಿದ್ದರೆ ಕಾಗದಕ್ಕೆ ಸೇರಿಸಬೇಕಾದ್ದೇನೋ ಇದೆ. ದೊಡ್ಡ ಅಕ್ಷರದ ಸಾಲೊಂದು ಗೆರೆ ಬೀಳದೆ ಉಳಿದರೆ ಅದನ್ನು ಪರಿಚಯದಲ್ಲಿ ಯಾಕೆ ಬಿಟ್ಟದ್ದು ಎಂದು ಕೇಳಿಕೊಳ್ಳಬೇಕು. ಅನೇಕ ವೇಳೆ ಬಾಯಿ ತಾನಾಗಿ ತಪ್ಪಿಸಿಕೊಂಡ ಸಾಲು ಅದಾಗಿರುತ್ತದೆ. ಬರೆಯುವಾಗ ಉಬ್ಬಿಸಿದ್ದು ಹೇಳಲು ಹೋದಾಗ ಹಿಂಜರಿದಿರುತ್ತದೆ.

ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಇನ್ನೂ ಕೆಲವು ಗುರುತು ಸಿಗುತ್ತವೆ. 'ನಾನು' ಎಂದು ನಡೆಯುತ್ತಿದ್ದ ಮಾತು ಒಂದು ಕಡೆ ಇದ್ದಕ್ಕಿದ್ದಂತೆ 'ನಾವು' ಆಗುವುದು, 'ಅಂದರೆ', 'ಒಂಥರಾ' ಎಂಬ ಮಾತುಗಳು ಒಂದೇ ವಾಕ್ಯದ ಸುತ್ತ ಗುಂಪಾಗುವುದು, ಸಂಖ್ಯೆ ಹೇಳುವಾಗ ದನಿ ತಗ್ಗುವುದು. ಇವು ಬಹುತೇಕ ಅಂಜಿಕೆಯ ಲಕ್ಷಣ ಎಂದು ಬಿಟ್ಟುಬಿಡುತ್ತಾರೆ. ಅಂಜಿಕೆಯಾದರೆ ಇಡೀ ಪರಿಚಯದಲ್ಲಿ ಹರಡಿಕೊಂಡಿರುತ್ತದೆ. ಪ್ರತಿ ಸಲ ಅದೇ ವಾಕ್ಯದ ಹತ್ತಿರ ಮಾತ್ರ ಬರುತ್ತಿದ್ದರೆ ತೊಡಕು ಆ ವಾಕ್ಯದ ಒಳಗಿದೆ. ಇದೇ ಕಾರಣಕ್ಕೆ ಪರಿಚಯವನ್ನು ಪದ ಪದವಾಗಿ ಬಾಯಿಪಾಠ ಮಾಡುವುದು ಸಲ್ಲದು. ಮಧ್ಯೆ ಯಾರಾದರೂ "ಒಂದು ನಿಮಿಷ, ಯಾವ ಅಂಗಡಿ?" ಎಂದು ತಡೆದರೆ ಪಾಠ ಒಪ್ಪಿಸುವವರು ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ತಿಂಗಳು, ಹನ್ನೆರಡು, ಎರಡು ದಿನ ಒಂದು ದಿನ, ಜಾಹೀರಾತು ಎಂಬ ನಾಲ್ಕು ಗುರುತುಗಳನ್ನಷ್ಟೇ ನೆನಪಿಟ್ಟುಕೊಂಡು, ನಡುವಿನ ಮಾತು ಪ್ರತಿ ಸಲ ಸ್ವಲ್ಪ ಬೇರೆಯಾಗಿ ಬಂದರೆ ಚಿಂತೆಯಿಲ್ಲ.

ಇನ್ನೊಂದು ಹುದ್ದೆಗೆ ಹೋಗುವಾಗ ಪರಿಚಯ ಬದಲಾಗಬಹುದೇ? ಆಗಬಹುದು, ಒಂದು ಮಿತಿಯೊಳಗೆ. ಅದೇ ಹುಡುಗಿ ಮುಂದಿನ ವಾರ ಒಂದು ಬಿಲ್ಲಿಂಗ್ ಹುದ್ದೆಗೆ ಹೋದರೆ ಹಾರ್ಡ್‌ವೇರ್ ಅಂಗಡಿಯ ತಾಳೆಯ ಮಾತನ್ನು ಚಿಕ್ಕದು ಮಾಡಿ ಟ್ಯಾಲಿ ಎಂಟ್ರಿಯ ಮಾತನ್ನು ಬೆಳೆಸಬಹುದು: ದಿನಕ್ಕೆ ಎಷ್ಟು ಬಿಲ್ ಹಾಕುತ್ತಿದ್ದಳು, ತಪ್ಪು ಬಿದ್ದರೆ ಹೇಗೆ ಗೊತ್ತಾಗುತ್ತಿತ್ತು ಎಂದು. ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಡಬೇಕು ಎಂಬುದು ಅವಳ ಆಯ್ಕೆ. ತಿಂಗಳು, ಪಾರ್ಟಿಗಳ ಸಂಖ್ಯೆ, ಹುದ್ದೆಯ ಹೆಸರು, ಯಾರು ಏನು ಮಾಡಿದರು ಎಂಬುದು ಎಲ್ಲ ಕಡೆಯೂ ಅಷ್ಟೇ. ಆಡಿಟರ್ ಆಫೀಸಿನ ಪತ್ರದಲ್ಲಿ 'ಅಕೌಂಟ್ಸ್ ಅಸಿಸ್ಟೆಂಟ್' ಎಂದಿರುವಾಗ ಒಂದು ಕಡೆ 'ಎಕ್ಸಿಕ್ಯೂಟಿವ್' ಎಂದೂ ಇನ್ನೊಂದು ಕಡೆ 'ಟ್ಯಾಕ್ಸ್ ಕನ್ಸಲ್ಟೆಂಟ್' ಎಂದೂ ಹೇಳುವಂತಿಲ್ಲ.

ಕಾಗದವನ್ನು ತಿದ್ದಿದರೂ ಹಳೆಯ ಪ್ರತಿಗಳು ಎಲ್ಲೆಲ್ಲೋ ಉಳಿದಿರುತ್ತವೆ. ಉದ್ಯೋಗ ಜಾಲತಾಣದಲ್ಲಿ ಏರಿಸಿದ್ದು ಒಂದು, ಪರಿಚಯದವರ ಮೂಲಕ ಇ-ಮೇಲ್‌ನಲ್ಲಿ ಹೋದದ್ದು ಇನ್ನೊಂದು, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಮತ್ತೊಂದು. ಸಂದರ್ಶಕರ ಕೈಯಲ್ಲಿ ನಲವತ್ತು ಗ್ರಾಹಕರ ಹಳೆಯ ಪ್ರತಿಯೇ ಇರುವ ಸಾಧ್ಯತೆ ಚೆನ್ನಾಗಿದೆ. ಜಾಲತಾಣದ ಪ್ರತಿಯನ್ನು ಕೂಡಲೇ ಬದಲಿಸಬೇಕು. ಸಂದರ್ಶನಕ್ಕೆ ಹೋಗುವಾಗ ಹೊಸದರ ಎರಡು ಮೂರು ಪ್ರತಿ ಕೈಯಲ್ಲಿರಬೇಕು. ಕೂತ ತಕ್ಷಣ, ಪರಿಚಯ ಶುರು ಮಾಡುವ ಮೊದಲೇ, "ಸರ್, ನಿಮ್ಮ ಹತ್ತಿರ ಇರೋದು ಹಳೇ ರೆಸ್ಯೂಮೆ ಇರಬಹುದು, ಅದರಲ್ಲಿ ಪಾರ್ಟಿಗಳ ಸಂಖ್ಯೆ ಆಫೀಸಿಂದು ಬರೆದಿದ್ದೆ, ಇದರಲ್ಲಿ ನಾನು ನೋಡಿಕೊಂಡದ್ದು ಮಾತ್ರ ಬರೆದಿದ್ದೀನಿ" ಎಂದು ಹೊಸ ಪ್ರತಿಯನ್ನು ಮುಂದೆ ಇಡಬೇಕು.